ಆಗಸ್ಟ್ ಹದಿನೈದರ ವಾರ ಗೊತ್ತಿದ್ದರೆ

ಬೆಳ್ಳಟ್ಟಿಯಂಥ ಊರಿನ ಹಿರಿಯರನ್ನು ಹುಟ್ಟಿದ ದಿನ ಯಾವುದೆಂದು ಕೇಳಿದರೆ ಎರಡು ಉತ್ತರ ಬರುತ್ತವೆ. ಆಧಾರ್ ಕಾರ್ಡಿನಲ್ಲಿ, ಶಾಲೆಯ ಟಿ.ಸಿ.ಯಲ್ಲಿ ಇರುವುದು ಜೂನ್ 1. ಅವ್ವ ಹೇಳುತ್ತಿದ್ದದ್ದು ಬೇರೆ: "ನೀ ಹುಟ್ಟಿದ್ದು ಸೋಮವಾರಪಾ, ಪಂಚಮಿ ಜೋಕಾಲಿ ಇನ್ನಾ ಬಿಚ್ಚಿದ್ದಿಲ್ಲ." ಶಿರಹಟ್ಟಿ ಕಡೆ ಮಾತ್ರವಲ್ಲ, ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ಜೂನ್ ಒಂದರಂದು ಹುಟ್ಟಿದವರು ಲೆಕ್ಕವಿಲ್ಲದಷ್ಟಿದ್ದಾರೆ. ಶಾಲೆ ಶುರುವಾಗುವ ಹೊತ್ತಿಗೆ ಮಗುವನ್ನು ಕರೆತಂದು ಹೆಸರು ಹಚ್ಚಿದರು, ಹುಟ್ಟಿದ ತಾರೀಖು ಮನೆಯವರಿಗೆ ಗೊತ್ತಿರಲಿಲ್ಲ, ಮಾಸ್ತರರು ವಯಸ್ಸು ಕೂಡಿಬರುವಂತೆ 1-6 ಎಂದು ಬರೆದುಕೊಂಡರು. ತಾರೀಖು ಹೀಗೆ ಕಾಗದದ ಮೇಲೆ ಉಳಿಯಿತು. ವಾರ ಮತ್ತು ಹಬ್ಬ ಅವ್ವನ ನೆನಪಿನಲ್ಲಿ ಉಳಿದವು.

ಈ ಎರಡನ್ನು ಎದುರುಬದುರು ಕೂರಿಸಿ ನೋಡಲು ಪಂಚಾಂಗ ಬೇಕಿಲ್ಲ, ಮೊಬೈಲೂ ಬೇಕಿಲ್ಲ. ಯಾವ ತಾರೀಖು ಯಾವ ವಾರ ಬಿತ್ತು ಎಂಬುದನ್ನು ಮನಸ್ಸಿನಲ್ಲೇ ತೆಗೆಯುವ ಒಂದು ಕ್ರಮವಿದೆ. ಇಂಗ್ಲೆಂಡಿನ ಗಣಿತಜ್ಞ ಜಾನ್ ಕಾನ್ವೇ 1973ರಲ್ಲಿ ಅದನ್ನು ರೂಪಿಸಿದರು. 'ಆಲಿಸ್' ಕಥೆಗಳ ಕರ್ತೃ ಲೂಯಿಸ್ ಕ್ಯಾರಲ್ 1887ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದ ಇಂಥದೇ ಒಂದು ಲೆಕ್ಕ ಅವರಿಗೆ ಪ್ರೇರಣೆ. ಕಾನ್ವೇ ತಮ್ಮ ಕ್ರಮಕ್ಕೆ ಡೂಮ್ಸ್‌ಡೇ ಎಂದು ಹೆಸರಿಟ್ಟರು. ಅದರ ತಿರುಳು ಇಷ್ಟೇ: ಪ್ರತಿ ವರ್ಷಕ್ಕೂ ಒಂದು ವಾರವಿದೆ. ಆ ವರ್ಷದ ಕೆಲವು ಗೊತ್ತಾದ ತಾರೀಖುಗಳೆಲ್ಲ ಅದೇ ವಾರದಂದು ಬರುತ್ತವೆ. ಆ ಒಂದು ವಾರ ತಿಳಿದರೆ ವರ್ಷದ ಉಳಿದ ದಿನಗಳು ಬೆರಳೆಣಿಕೆಯಲ್ಲಿ ಸಿಗುತ್ತವೆ.

ಭಾರತದಲ್ಲಿ ಶಾಲೆ ಕಲಿತವರಿಗೆ ಈ ಲೆಕ್ಕ ಇಂಗ್ಲೆಂಡಿನವರಿಗಿಂತ ಸುಲಭವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ, ಆಗಸ್ಟ್ 15 ಡೂಮ್ಸ್‌ಡೇ ತಾರೀಖುಗಳಲ್ಲಿ ಒಂದು. ಸೆಪ್ಟೆಂಬರ್ 5, ಶಿಕ್ಷಕರ ದಿನ, ಇನ್ನೊಂದು. ನವೆಂಬರ್ 14, ಮಕ್ಕಳ ದಿನ, ಮತ್ತೊಂದು. ಈ ಮೂರೂ ಯಾವ ವರ್ಷದಲ್ಲಾದರೂ ಒಂದೇ ವಾರ ಬರುತ್ತವೆ. ಆಗಸ್ಟ್ 15ರಿಂದ ಸೆಪ್ಟೆಂಬರ್ 5ಕ್ಕೆ 21 ದಿನ, ಅಲ್ಲಿಂದ ನವೆಂಬರ್ 14ಕ್ಕೆ 70 ದಿನ, ಎರಡೂ ಏಳರ ಮಗ್ಗಿಯಲ್ಲಿವೆ. 2026ರಲ್ಲಿ ಆಗಸ್ಟ್ 15 ಶನಿವಾರ, ಹಾಗಾಗಿ ಉಳಿದೆರಡೂ ಶನಿವಾರವೇ. ಗಾಂಧಿ ಜಯಂತಿ ಈ ವಾರದ ಹಿಂದಿನ ದಿನ, ರಾಜ್ಯೋತ್ಸವ ಮರುದಿನ. ಧ್ವಜ ಹಾರಿಸುವ ದಿನದ ವಾರ ಗೊತ್ತಿದ್ದರೆ ವರ್ಷದ ಉತ್ತರಾರ್ಧದ, ತಾರೀಖು ಬದಲಾಗದ ಸರ್ಕಾರಿ ದಿನಗಳು ಹೀಗೆ ತಾವಾಗಿ ಸಾಲಾಗಿ ನಿಲ್ಲುತ್ತವೆ. ಅದಕ್ಕೇ ಈ ಲೇಖನದಲ್ಲಿ ಡೂಮ್ಸ್‌ಡೇಯನ್ನು 'ಧ್ವಜದ ವಾರ' ಎಂದೇ ಕರೆಯುತ್ತೇನೆ.

ಪ್ರತಿ ತಿಂಗಳಿಗೂ ಇಂಥದೊಂದು ಆಸರೆಯ ತಾರೀಖು ಬೇಕು. ಸಮಸಂಖ್ಯೆಯ ತಿಂಗಳುಗಳದ್ದು ಬಲು ಸುಲಭ: 4/4, 6/6, 8/8, 10/10, 12/12. ಏಪ್ರಿಲ್ 4ರಿಂದ ಜೂನ್ 6ರವರೆಗೆ ಎಣಿಸಿ ನೋಡಿ, ಸರಿಯಾಗಿ 63 ದಿನ, ಅಂದರೆ ಒಂಬತ್ತು ವಾರ. ಜೂನ್ 6ರಿಂದ ಆಗಸ್ಟ್ 8ಕ್ಕೂ 63. ಮುಂದೆ ಅಕ್ಟೋಬರ್, ಡಿಸೆಂಬರ್‌ವರೆಗೂ ಅದೇ ಅಂತರ. ಎರಡೆರಡು ತಿಂಗಳು ಸೇರಿದರೆ 61 ದಿನ, ತಾರೀಖು ಎರಡು ಮುಂದೆ ಹೋಗಿರುವುದರಿಂದ ಇನ್ನೆರಡು. ಗುಟ್ಟೆಲ್ಲ ಅಷ್ಟೇ. ಬೆಸ ತಿಂಗಳುಗಳು ಜೋಡಿಯಾಗಿ ಬರುತ್ತವೆ. ಮೇ ತಿಂಗಳಿಗೆ 9, ಒಂಬತ್ತನೇ ತಿಂಗಳಿಗೆ 5. ಜುಲೈಗೆ 11, ಹನ್ನೊಂದನೇ ತಿಂಗಳಿಗೆ 7. ಐದು-ಒಂಬತ್ತು, ಏಳು-ಹನ್ನೊಂದು ಎಂದು ನೆನಪಿಟ್ಟರೆ ಯಾವುದು ತಿಂಗಳು ಯಾವುದು ತಾರೀಖು ಎಂಬ ಗೊಂದಲವೂ ಇಲ್ಲ, ಹಿಂದುಮುಂದಾದರೂ ಎರಡೂ ಸರಿ. ಮಾರ್ಚಿಗೆ 7. ಫೆಬ್ರವರಿಗೆ ಅದರ ಕೊನೆಯ ದಿನ, 28 ಇರಲಿ 29 ಇರಲಿ. ಜನವರಿಗೆ ಸಾಧಾರಣ ವರ್ಷದಲ್ಲಿ 3, ಅಧಿಕ ವರ್ಷದಲ್ಲಿ 4.

ಇನ್ನು ವರ್ಷದ ಮಾತು. ಈ ಲೆಕ್ಕದ ನಿಜವಾದ ಭಾರ ಇರುವುದು ಇಲ್ಲೇ. ಸಾಧಾರಣ ವರ್ಷದಲ್ಲಿ 365 ದಿನ, ಅಂದರೆ 52 ವಾರ ಮತ್ತು ಒಂದು ದಿನ. ಆದ್ದರಿಂದ ಧ್ವಜದ ವಾರ ವರ್ಷಕ್ಕೊಂದು ಮನೆ ಮುಂದೆ ಸರಿಯುತ್ತದೆ. ಅಧಿಕ ವರ್ಷ ಬಂದಾಗ ಎರಡು ಮನೆ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಎರಡೂ ದಿನ ಗುರುವಾರ, ನಮ್ಮ ಕಡೆಯ ಮಾತಿನಲ್ಲಿ ಬೇಸ್ತವಾರ. ನಡುವೆ 17 ವರ್ಷ, ಆ ಅವಧಿಯಲ್ಲಿ 1960, 64, 68, 72 ಎಂಬ ನಾಲ್ಕು ಅಧಿಕ ವರ್ಷಗಳು. ಹದಿನೇಳು ಮತ್ತು ನಾಲ್ಕು ಸೇರಿ ಇಪ್ಪತ್ತೊಂದು ಮನೆ. ಮೂರು ಪೂರ್ತಿ ಸುತ್ತು ಹಾಕಿ ವಾರ ಹೊರಟಲ್ಲಿಗೇ ಬಂದಿತ್ತು.

ಹೀಗೆ ಒಂದೊಂದೇ ವರ್ಷ ಎಣಿಸುತ್ತ ಹೋಗುವುದು ತಲೆನೋವು. ಕ್ಯಾರಲ್ ಲೆಕ್ಕದಲ್ಲೇ ಇದ್ದ, ಕಾನ್ವೇ ಕೂಡ ಬಳಸಿದ ಒಳದಾರಿ ಹನ್ನೆರಡು ವರ್ಷದ್ದು. ಹನ್ನೆರಡು ವರ್ಷಕ್ಕೆ ಹನ್ನೆರಡು ಮನೆ, ಮೂರು ಅಧಿಕ ವರ್ಷಗಳಿಗೆ ಇನ್ನೂ ಮೂರು, ಒಟ್ಟು ಹದಿನೈದು. ಅದರಲ್ಲಿ ಹದಿನಾಲ್ಕು ಎರಡು ಸುತ್ತಿನಲ್ಲಿ ಹೋದರೆ ಉಳಿಯುವುದು ಒಂದೇ. ಅಂದರೆ ಹನ್ನೆರಡು ವರ್ಷಕ್ಕೆ ವಾರ ಸರಿಯುವುದು ಬರೀ ಒಂದು ಮನೆ. ಆದ್ದರಿಂದ ವರ್ಷದ ಕೊನೆಯ ಎರಡು ಅಂಕಿ ತೆಗೆದುಕೊಂಡು ಮೂರು ಪ್ರಶ್ನೆ ಕೇಳಬೇಕು. ಅದರಲ್ಲಿ ಹನ್ನೆರಡು ಎಷ್ಟು ಸಲ ಹೋಗುತ್ತದೆ? ಮಿಕ್ಕದ್ದೆಷ್ಟು? ಆ ಮಿಕ್ಕದ್ದರಲ್ಲಿ ನಾಲ್ಕು ಎಷ್ಟು ಸಲ ಹೋಗುತ್ತದೆ? ಮೂರೂ ಉತ್ತರ ಕೂಡಿಸಿ, ಏಳೇಳರಂತೆ ಕಳೆದು, ಉಳಿದದ್ದನ್ನು ಶತಮಾನದ ಮೊದಲ ವಾರಕ್ಕೆ ಸೇರಿಸಬೇಕು. ಆ ಮೊದಲ ವಾರವನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಬೇಕಾಗುತ್ತದೆ. 1900ಕ್ಕೆ ಬುಧವಾರ, 2000ಕ್ಕೆ ಮಂಗಳವಾರ. ನಮ್ಮ ಮನೆಗಳ ಕಾಗದಪತ್ರಕ್ಕೆ ಈ ಎರಡೇ ಸಾಕು.

ಈಗ ಬೆಳ್ಳಟ್ಟಿಯ ಆ ಮನೆಗೆ ಬರೋಣ. ಶಾಲೆಯ ದಾಖಲೆ 1-6-1962 ಎನ್ನುತ್ತದೆ ಎಂದಿಟ್ಟುಕೊಳ್ಳಿ. ಅರವತ್ತೆರಡರಲ್ಲಿ ಹನ್ನೆರಡು ಐದು ಸಲ. ಮಿಕ್ಕದ್ದು ಎರಡು. ಎರಡರಲ್ಲಿ ನಾಲ್ಕು ಹೋಗುವುದಿಲ್ಲ, ಸೊನ್ನೆ. ಕೂಡಿಸಿದರೆ ಏಳು, ಅಂದರೆ ಪೂರ್ತಿ ಒಂದು ಸುತ್ತು, ಉಳಿದದ್ದು ಏನೂ ಇಲ್ಲ. 1900ರ ಬುಧವಾರವೇ 1962ರ ಧ್ವಜದ ವಾರ. ಜೂನ್ 6 ಬುಧವಾರ ಆದರೆ ಐದು ದಿನ ಹಿಂದಿನ ಜೂನ್ 1 ಶುಕ್ರವಾರ. ಅವ್ವ ಹೇಳಿದ್ದು ಸೋಮವಾರ. ವಾರ ಹೊಂದುವುದಿಲ್ಲ, ಪಂಚಮಿಯಂತೂ ಜೂನಿನಲ್ಲಿ ಬರುವುದೇ ಇಲ್ಲ.

ಇಷ್ಟಕ್ಕೇ ನಿಲ್ಲಬೇಕಿಲ್ಲ. ವರ್ಷ ಸರಿಯಿದೆ ಎಂದು ನಂಬಿದರೆ ಅವ್ವನ ಮಾತಿನಿಂದಲೇ ತಾರೀಖನ್ನು ಹುಡುಕಬಹುದು. 1962ರ ಜುಲೈ 31ರಂದು ಅಮಾವಾಸ್ಯೆ, ಅಂದು ಸೂರ್ಯಗ್ರಹಣವೂ ಆಗಿತ್ತು. ಮುಂದಿನದು ಶ್ರಾವಣ. ಅಲ್ಲಿಂದ ಐದನೇ ತಿಥಿ ಎಣಿಸಿದರೆ ನಾಗರ ಪಂಚಮಿ ಆಗಸ್ಟ್ 5ರ ಆಸುಪಾಸಿಗೆ ಬರುತ್ತದೆ. ಆಗಸ್ಟ್ 8 ಬುಧವಾರ ಎಂಬುದು ಆಗಲೇ ಗೊತ್ತಾಗಿದೆ. ಹಾಗಾದರೆ ಆಗಸ್ಟ್ 6 ಸೋಮವಾರ. ಹಬ್ಬ ಆಗಷ್ಟೇ ಆಗಿದೆ, ಉಂಡಿ ಇನ್ನೂ ಡಬ್ಬಿಯಲ್ಲಿವೆ, ಜೋಕಾಲಿ ಬಿಚ್ಚಿಲ್ಲ. ಕಾಗದದಲ್ಲಿ ಎರಡು ತಿಂಗಳು ದೊಡ್ಡವನಾದ ಮಗನ ನಿಜವಾದ ಹುಟ್ಟುಹಬ್ಬ ಆಗಸ್ಟ್ 6 ಇರಬಹುದು.

'ಇರಬಹುದು' ಎಂದು ಬರೆದದ್ದು ಉದ್ದೇಶಪೂರ್ವಕವಾಗಿಯೇ. ವಾರ ಒಂದು ತಾರೀಖನ್ನು ತಳ್ಳಿಹಾಕಬಲ್ಲದು, ಸಾಬೀತು ಮಾಡಲಾರದು. ಇರುವುದು ಏಳೇ ವಾರ. ಕಣ್ಣುಮುಚ್ಚಿ ಬರೆದ ತಾರೀಖು ಕೂಡ ಏಳರಲ್ಲಿ ಒಂದು ಸಲ ಅವ್ವ ಹೇಳಿದ ವಾರಕ್ಕೆ ಹೊಂದಿಬಿಡುತ್ತದೆ. ಆದ್ದರಿಂದ ವಾರ ಹೊಂದಿತೆಂದು ಖುಷಿಪಡುವ ಮುನ್ನ ಹಬ್ಬ, ಅಮಾವಾಸ್ಯೆ, ಸುಗ್ಗಿ, ಜಾತ್ರೆ ಎಂಬ ಎರಡನೇ ಗುರುತನ್ನು ಕೇಳಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ತಾರೀಖು ಬದಲಾಗುವುದು ನಡುರಾತ್ರಿ. ಪಂಚಾಂಗದ ವಾರ, ಹಳ್ಳಿಯ ಮಾತಿನ ವಾರ, ಬದಲಾಗುವುದು ಹೊತ್ತು ಹುಟ್ಟಿದಾಗ. ಸೋಮವಾರ ರಾತ್ರಿ ಕೋಳಿ ಕೂಗುವ ಮುಂಚೆ ಹುಟ್ಟಿದ ಮಗುವನ್ನು ಮನೆಯವರು ಸೋಮವಾರದ್ದೆಂದೇ ಹೇಳುತ್ತಾರೆ, ಆಸ್ಪತ್ರೆಯ ಪುಸ್ತಕದಲ್ಲಿ ಮಂಗಳವಾರದ ತಾರೀಖು ಬರುತ್ತದೆ. ಹಾಗಾಗಿ ಲೆಕ್ಕದ ವಾರ ಅವ್ವನ ವಾರಕ್ಕಿಂತ ಒಂದು ದಿನ ಮುಂದಿದ್ದರೆ ಹುಟ್ಟಿದ ಹೊತ್ತು ಯಾವುದೆಂದು ಕೇಳಿ. ಬೆಳಗಿನ ಜಾವವಾದರೆ ಇಬ್ಬರೂ ಸರಿ. ಒಂದು ದಿನ ಹಿಂದಿದ್ದರೆ ಮಾತ್ರ ಈ ಸಮಜಾಯಿಷಿ ನಡೆಯುವುದಿಲ್ಲ.

ನಮ್ಮ ಲೆಕ್ಕವೇ ತಪ್ಪಿದಾಗಲೂ ಬಹುತೇಕ ಒಂದು ದಿನದ ವ್ಯತ್ಯಾಸವೇ ಬರುತ್ತದೆ. ಅದಕ್ಕೆ ಎರಡು ಕಾರಣ. ಮೊದಲನೆಯದು ಅಧಿಕ ವರ್ಷದ ಜನವರಿ, ಫೆಬ್ರವರಿ. 1964ರ ಫೆಬ್ರವರಿ 10 ತೆಗೆದುಕೊಳ್ಳಿ. ಅರವತ್ತನಾಲ್ಕಕ್ಕೆ ಐದು, ನಾಲ್ಕು, ಒಂದು, ಒಟ್ಟು ಹತ್ತು, ಏಳು ಬಿಟ್ಟರೆ ಮೂರು. ಬುಧವಾರದಿಂದ ಮೂರು ಮುಂದೆ ಶನಿವಾರ. ಫೆಬ್ರವರಿ 29 ಶನಿವಾರ, 8 ಶನಿವಾರ, ಆದ್ದರಿಂದ 10 ಸೋಮವಾರ. ಅಧಿಕ ವರ್ಷವೆಂಬುದನ್ನು ಮರೆತು 28ನ್ನು ಹಿಡಿದರೆ ಮಂಗಳವಾರ ಬಂದು ಕೂರುತ್ತದೆ. ಮಾರ್ಚ್ ದಾಟಿದ ತಾರೀಖುಗಳಲ್ಲಿ ಸರಿ ಬರುತ್ತಿದ್ದು ವರ್ಷದ ಮೊದಲೆರಡು ತಿಂಗಳಲ್ಲಿ ಮಾತ್ರ ಒಂದು ದಿನ ಹೆಚ್ಚು ಬರುತ್ತಿದ್ದರೆ ದೋಷ ಇಲ್ಲೇ ಇದೆ. ಎರಡನೆಯದು ಶತಮಾನದ ವಾರ. 2000ದ ನಂತರದ ತಾರೀಖಿಗೂ ರೂಢಿಯಿಂದ ಬುಧವಾರವನ್ನೇ ಹಿಡಿದರೆ ಎಲ್ಲ ತಿಂಗಳಲ್ಲೂ ಒಂದು ದಿನ ಹೆಚ್ಚಾಗುತ್ತದೆ. ಗಟ್ಟಿಯಾಗಿ ಗೊತ್ತಿರುವ ಒಂದು ದಿನದಿಂದ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. 1947ರ ಆಗಸ್ಟ್ 15 ಶುಕ್ರವಾರ. ನಲವತ್ತೇಳಕ್ಕೆ ಮೂರು, ಹನ್ನೊಂದು, ಎರಡು, ಒಟ್ಟು ಹದಿನಾರು, ಉಳಿದದ್ದು ಎರಡು. ಬುಧವಾರಕ್ಕೆ ಎರಡು ಸೇರಿಸಿದರೆ ಶುಕ್ರವಾರ.

ಬೆಂಗಳೂರಿನ ಶಕುಂತಲಾ ದೇವಿಯವರು ಹೇಳಿದ ತಾರೀಖಿಗೆ ತಕ್ಷಣ ವಾರ ಹೇಳುತ್ತಿದ್ದರು. ಅಮೆರಿಕದ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದಾಗ ಒಂದು ಸಂಗತಿ ಗಮನಿಸಿದರು. ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಹೇಳಿದರೆ ಗಡಿಯಾರ ಒತ್ತುವಷ್ಟರಲ್ಲಿ ಉತ್ತರ ಬರುತ್ತಿತ್ತು. ಮೇಲಿನ ಲೆಕ್ಕ ಮಾಡಿ ನೋಡಿದವರಿಗೆ ಇದರ ಅರ್ಥ ಹೊಳೆಯುತ್ತದೆ. ಕಷ್ಟವೆಲ್ಲ ವರ್ಷದಲ್ಲಿದೆ. ವರ್ಷ ಮೊದಲೇ ಕಿವಿಗೆ ಬಿದ್ದರೆ, ಕೇಳಿದವರು ತಿಂಗಳು ಹೇಳುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಮಕ್ಕಳಿಗೆ ಕಲಿಸುವವರು ಮೊದಮೊದಲು ಹೀಗೇ ವರ್ಷ ಮುಂದಿಟ್ಟು ಕೇಳಲಿ.

1900ಕ್ಕಿಂತ ಹಿಂದಕ್ಕೆ ಹೋಗಬೇಕಾದಾಗ 1800ರ ವಾರ ಬೇಕು. ಅದು ಶುಕ್ರವಾರ. ಮುಂಡರಗಿ ಭೀಮರಾಯರು ಬ್ರಿಟಿಷರ ವಿರುದ್ಧ ಹೋರಾಡಿ ಕೊಪ್ಪಳದ ಕೋಟೆಯಲ್ಲಿ ಮಡಿದದ್ದು 1858ರ ಜೂನ್ 1ರಂದು. ಐವತ್ತೆಂಟಕ್ಕೆ ನಾಲ್ಕು, ಹತ್ತು, ಎರಡು, ಒಟ್ಟು ಹದಿನಾರು, ಉಳಿದದ್ದು ಎರಡು. ಶುಕ್ರವಾರದಿಂದ ಎರಡು ಮುಂದೆ ಭಾನುವಾರ. ಜೂನ್ 6 ಭಾನುವಾರವಾದರೆ ಜೂನ್ 1 ಮಂಗಳವಾರ. ಅದೇ ಬಂಡಾಯದಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ಕೊಂದದ್ದು ಮೇ 29ರ ರಾತ್ರಿ. ಮೇ 9 ಭಾನುವಾರ, 30 ಭಾನುವಾರ, ಹಾಗಾದರೆ 29 ಶನಿವಾರ. ಶನಿವಾರ ರಾತ್ರಿಯಿಂದ ಮಂಗಳವಾರದವರೆಗೆ ಎಷ್ಟು ಬೇಗ ಎಲ್ಲ ಮುಗಿದುಹೋಯಿತು ಎಂಬುದು ಬರೀ ತಾರೀಖು ಓದುವಾಗ ಅಷ್ಟು ತಟ್ಟುವುದಿಲ್ಲ.

ಇನ್ನೂ ಹಿಂದೆ, ವಿಜಯನಗರದ ಕಾಲಕ್ಕೆ ಹೋದರೆ ಲೆಕ್ಕದ ನಿಯಮವೇ ಸ್ವಲ್ಪ ಬದಲಾಗಬೇಕು. ನಾವು ಈಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ ಶುರುವಾದದ್ದು 1582ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚೆ ಪೋರ್ಚುಗೀಸರು ಬರೆದ ತಾರೀಖುಗಳು ಜೂಲಿಯನ್ ಕ್ಯಾಲೆಂಡರಿನವು. ಅದರಲ್ಲಿ ನಾಲ್ಕರಿಂದ ಭಾಗವಾಗುವ ಪ್ರತಿ ವರ್ಷವೂ ಅಧಿಕ ವರ್ಷವೇ, ನೂರರ ವರ್ಷಗಳಿಗೂ ವಿನಾಯಿತಿ ಇಲ್ಲ. ತಿಂಗಳ ಆಸರೆಯ ತಾರೀಖುಗಳು ಅವೇ, ವರ್ಷದ ಮೂರು ಪ್ರಶ್ನೆಗಳೂ ಅವೇ. ಶತಮಾನದ ವಾರ ಮಾತ್ರ ಬೇರೆ. ಜೂಲಿಯನ್ ಲೆಕ್ಕದಲ್ಲಿ 1500ಕ್ಕೆ ಶನಿವಾರ.

ಕೃಷ್ಣದೇವರಾಯ ರಾಯಚೂರು ಗೆದ್ದ ಯುದ್ಧದ ವರ್ಷ ಗೊತ್ತಾದದ್ದರಲ್ಲಿ ವಾರಕ್ಕೂ ಒಂದು ಪಾಲಿದೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ತನ್ನ ಬರಹದಲ್ಲಿ ಯುದ್ಧ ನಡೆದದ್ದು 1522ರ ಮೇ ತಿಂಗಳಲ್ಲಿ, ಅಮಾವಾಸ್ಯೆಯ ಹೊತ್ತಿಗೆ, ಶನಿವಾರ ಎಂದು ಹೇಳುತ್ತಾನೆ. ಶುಕ್ರವಾರ ಅಶುಭವೆಂದು ಒಂದು ದಿನ ಕಾಯ್ದರಂತೆ. ಇಂಥ ಕಾರಣ ಸಮೇತ ನೆನಪಿರುವ ವಾರ ಸುಲಭಕ್ಕೆ ತಪ್ಪುವುದಿಲ್ಲ. ವರ್ಷದ ಅಂಕಿ ತಪ್ಪಬಹುದು. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೆವೆಲ್ ಇದನ್ನು ಹಿಡಿದರು. ಅವರು ಶಂಕರ ಬಾಲಕೃಷ್ಣ ದೀಕ್ಷಿತರ ಜೊತೆ ಸೇರಿ ಭಾರತದ ಪಂಚಾಂಗದ ಮೇಲೆ 1896ರಲ್ಲಿ ದೊಡ್ಡ ಪುಸ್ತಕ ತಂದಿದ್ದವರು, ಶಾಸನಗಳ ತಿಥಿ-ವಾರಗಳ ಲೆಕ್ಕ ಅವರಿಗೆ ಕರಗತ.

ನಾವೂ ಮಾಡಿ ನೋಡೋಣ. 1522ಕ್ಕೆ ಒಂದು, ಹತ್ತು, ಎರಡು, ಒಟ್ಟು ಹದಿಮೂರು, ಉಳಿದದ್ದು ಆರು. ಶನಿವಾರದಿಂದ ಆರು ಮುಂದೆ ಶುಕ್ರವಾರ. ಮೇ 9 ಶುಕ್ರವಾರ, 23 ಶುಕ್ರವಾರ. ಆ ವರ್ಷ ಮೇ ತಿಂಗಳ ಅಮಾವಾಸ್ಯೆ 25ಕ್ಕೆ, ಅದು ಭಾನುವಾರ. ಹೊಸ ಚಂದ್ರ ಕಾಣಬೇಕಾದರೆ ಇನ್ನೂ ಒಂದೆರಡು ದಿನ. ಶನಿವಾರಕ್ಕೆ ಅಲ್ಲಿ ಜಾಗವಿಲ್ಲ. ಈಗ 1520. ಇಪ್ಪತ್ತಕ್ಕೆ ಒಂದು, ಎಂಟು, ಎರಡು, ಒಟ್ಟು ಹನ್ನೊಂದು, ಉಳಿದದ್ದು ನಾಲ್ಕು. ಶನಿವಾರದಿಂದ ನಾಲ್ಕು ಮುಂದೆ ಬುಧವಾರ. ಮೇ 9 ಬುಧವಾರ, 16 ಬುಧವಾರ. ಆ ವರ್ಷ ಅಮಾವಾಸ್ಯೆ 17ಕ್ಕೆ, ಗುರುವಾರ. ಬಿದಿಗೆಯ ಚಂದ್ರ ಕಾಣುವ ಹೊತ್ತಿಗೆ ಶನಿವಾರ, ಮೇ 19. ಇಂದು ಇತಿಹಾಸದ ಪುಸ್ತಕಗಳಲ್ಲಿ ರಾಯಚೂರು ಯುದ್ಧಕ್ಕೆ ಇರುವ ತಾರೀಖು ಅದೇ, 1520ರ ಮೇ 19. ಸೆವೆಲ್ ವಾರವೊಂದನ್ನೇ ನೆಚ್ಚಿ ಈ ತೀರ್ಮಾನಕ್ಕೆ ಬರಲಿಲ್ಲ, ಪೋರ್ಚುಗೀಸರ ಬೇರೆ ಬರಹಗಳನ್ನೂ ತೂಗಿ ನೋಡಿದರು. ಬೆಳ್ಳಟ್ಟಿಯ ಅವ್ವನ ಸೋಮವಾರಕ್ಕೆ ಪಂಚಮಿ ಜೋಕಾಲಿ ಬೇಕಾದಂತೆ ನೂನಿಜನ ಶನಿವಾರಕ್ಕೂ ಅವು ಬೇಕಾದವು.

ಹಳೆಯ ತಾರೀಖುಗಳನ್ನು ಕಂಪ್ಯೂಟರಿನಲ್ಲಿ ನೋಡುವವರು ಒಂದು ಎಚ್ಚರ ವಹಿಸಬೇಕು. ವಿಜಯನಗರ ಸೋತ ತಾಳಿಕೋಟೆ ಯುದ್ಧ, ರಕ್ಕಸಗಿ-ತಂಗಡಗಿ ಯುದ್ಧವೆಂದೂ ಕರೆಯುವ ಅದು, ನಡೆದದ್ದು 1565ರ ಜನವರಿ 23. ಅರವತ್ತೈದಕ್ಕೆ ಐದು, ಐದು, ಒಂದು, ಒಟ್ಟು ಹನ್ನೊಂದು, ಉಳಿದದ್ದು ನಾಲ್ಕು. ಜೂಲಿಯನ್ ಶನಿವಾರದಿಂದ ಎಣಿಸಿದರೆ ಬುಧವಾರ. 1565 ಅಧಿಕ ವರ್ಷವಲ್ಲ, ಆದ್ದರಿಂದ ಜನವರಿ 3 ಬುಧವಾರ, 24 ಬುಧವಾರ, 23 ಮಂಗಳವಾರ. ಸೆವೆಲ್ ಕೂಡ ಮಂಗಳವಾರವೆಂದೇ ಬರೆದಿದ್ದಾರೆ. ಗ್ರೆಗೋರಿಯನ್ ನಿಯಮವನ್ನೇ ಹಿಂದಕ್ಕೆಳೆದು ತೋರಿಸುವ ಕ್ಯಾಲೆಂಡರಿನಲ್ಲಿ ಅದೇ ತಾರೀಖಿಗೆ ಶನಿವಾರ ಕಾಣುತ್ತದೆ, ಏಕೆಂದರೆ ಆ ನಿಯಮದಲ್ಲಿ 1500ರ ವಾರ ಬುಧವಾರ. 1582ಕ್ಕೆ ಮುಂಚಿನ ಯಾವ ತಾರೀಖಿನ ವಾರ ನೋಡಿದರೂ ಆ ಕ್ಯಾಲೆಂಡರ್ ಎರಡರಲ್ಲಿ ಯಾವುದನ್ನು ಹಿಡಿದು ಲೆಕ್ಕ ಹಾಕಿದೆ ಎಂದು ತಿಳಿಯಲು 1565ರ ಜನವರಿ 23ನ್ನೇ ತೆರೆದು ನೋಡಬಹುದು: ಮಂಗಳವಾರ ತೋರಿಸಿದರೆ ಜೂಲಿಯನ್, ಶನಿವಾರ ತೋರಿಸಿದರೆ ಗ್ರೆಗೋರಿಯನ್.